ದಿನಾಂಕ ಮತ್ತು ಜ್ವರ: ಎರಡೇ ವಿವರಗಳಿಂದ ಕಾಲೇಜಿನ ರಜಾ ಅರ್ಜಿ ಬರೆಯುವ ಕ್ರಮ

‘17ರಿಂದ 21, ಜ್ವರ. ಒಂದು ಲೀವ್ ಲೆಟರ್ ಬರೆದುಕೊಡಿ.’ ರಜಾ ಅರ್ಜಿ ಬರೆದುಕೊಡುವಂತೆ ಕೇಳುವ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಕೊಡುವ ವಿವರ ಇಷ್ಟೇ. ಹೆಸರು ಬರೆದಿರುವುದಿಲ್ಲ, ತರಗತಿ ತಿಳಿಸಿರುವುದಿಲ್ಲ, ಅರ್ಜಿ ಪ್ರಾಂಶುಪಾಲರಿಗೋ ವಿಭಾಗದ ಮುಖ್ಯಸ್ಥರಿಗೋ ಎಂಬುದೂ ಗೊತ್ತಿರುವುದಿಲ್ಲ. ಜ್ವರದಲ್ಲಿ ಮಲಗಿರುವವರಿಂದ ಅಥವಾ ಆಗಷ್ಟೇ ಎದ್ದು ಬಂದವರಿಂದ ಇದಕ್ಕಿಂತ ಹೆಚ್ಚನ್ನು ನಿರೀಕ್ಷಿಸುವುದೂ ನ್ಯಾಯವಲ್ಲ. ಸಹಪಾಠಿಗೆ, ತಂಗಿಗೆ, ತಮ್ಮ ವಿಭಾಗದ ವಿದ್ಯಾರ್ಥಿಗೆ ಹೀಗೆ ಅರ್ಜಿ ಬರೆದುಕೊಡಬೇಕಾಗಿ ಬಂದವರಿಗಾಗಿ ಈ ಲೇಖನ.

ನಾನು ಕೆಲವು ವರ್ಷ ಒಂದು ಕಾಲೇಜಿನ ವಿಭಾಗದಲ್ಲಿ ರಜಾ ಅರ್ಜಿಗಳನ್ನು ಓದಿ ಹಾಜರಾತಿ ಪುಸ್ತಕದೊಂದಿಗೆ ತಾಳೆ ನೋಡುವ ಕೆಲಸ ಮಾಡಿದ್ದೇನೆ. ಅರ್ಜಿ ಚಿಕ್ಕದಾಯಿತೆಂಬ ಕಾರಣಕ್ಕೆ ಅದನ್ನು ಹಿಂದಕ್ಕೆ ಕಳುಹಿಸಿದ ನೆನಪು ನನಗಿಲ್ಲ. ಹಿಂದಕ್ಕೆ ಹೋದವುಗಳಲ್ಲಿ ಹೆಚ್ಚಿನವು, ವಿದ್ಯಾರ್ಥಿ ಹೇಳದೇ ಇದ್ದ ಸಂಗತಿಯನ್ನು ಬರೆದವರು ತಾವಾಗಿ ಸೇರಿಸಿದ್ದರಿಂದ ತೊಡಕಿಗೆ ಸಿಕ್ಕಿದ ಅರ್ಜಿಗಳು. ಆದ್ದರಿಂದ ಇಲ್ಲಿ ಹೇಳುವ ಕ್ರಮದ ತಿರುಳು ಒಂದೇ: ಅರ್ಜಿಯ ಚೌಕಟ್ಟು ಪೂರ್ಣವಾಗಿರಲಿ, ಅದರೊಳಗೆ ಹೇಳಿಕೆಯಾಗಿ ಬರುವುದು ವಿದ್ಯಾರ್ಥಿ ಕೊಟ್ಟ ಎರಡು ವಿವರಗಳು ಮಾತ್ರವಾಗಿರಲಿ, ಉಳಿದದ್ದಕ್ಕೆ ಖಾಲಿ ಜಾಗವಿರಲಿ.

ಮೊದಲ ಹೆಜ್ಜೆ: ದಿನಾಂಕಗಳನ್ನು ಓದಿಕೊಳ್ಳುವುದು

ಮೇಲಿನ ಸಂದೇಶವನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಸಂದೇಶ ಬಂದದ್ದು 2025ರ ಜುಲೈ 22ರಂದು ಎಂದು ಭಾವಿಸಿದರೆ, ‘17ರಿಂದ 21’ ಎಂಬುದು 17-07-2025ರಿಂದ 21-07-2025ರವರೆಗೆ ಎಂದಾಗುತ್ತದೆ. ತಿಂಗಳನ್ನೂ ವರ್ಷವನ್ನೂ ವಿದ್ಯಾರ್ಥಿ ಹೇಳಿಲ್ಲವಾದರೂ ಇದು ಊಹೆಯಲ್ಲ, ಏಕೆಂದರೆ ನಿನ್ನೆಗೆ ಮುಗಿದ ರಜೆಯ ಬಗ್ಗೆ ಇಂದು ಕೇಳುತ್ತಿರುವುದು ಸಂದೇಶದಿಂದಲೇ ಸ್ಪಷ್ಟವಾಗುತ್ತದೆ. ಆದರೆ ಅದೇ ಸಂದೇಶ ಜುಲೈ 10ರಂದು ಬಂದಿದ್ದರೆ 17 ಮತ್ತು 21 ಕಳೆದ ತಿಂಗಳಿನವೋ ಈ ತಿಂಗಳಿನವೋ ಎಂದು ಕೇಳಿ ತಿಳಿಯದೆ ಮುಂದುವರಿಯಬಾರದು. ‘5/7ರಿಂದ’ ಎಂದು ಬರೆದಿದ್ದರೆ ಮೊದಲಿನದು ದಿನ, ನಂತರದ್ದು ತಿಂಗಳು ಎಂದೇ ನಾವು ಸಾಮಾನ್ಯವಾಗಿ ಓದುತ್ತೇವೆ. ಹಾಗಿದ್ದರೂ ಅರ್ಜಿಯಲ್ಲಿ 05-07-2025 ಎಂದು ದಿನ, ತಿಂಗಳು, ವರ್ಷ ಮೂರನ್ನೂ ಪೂರ್ತಿಯಾಗಿ ಬರೆಯಬೇಕು.

ಇನ್ನು ಎಣಿಕೆ. ‘ರಿಂದ’ ಮತ್ತು ‘ವರೆಗೆ’ ಎಂದು ಬರೆದಾಗ ಮೊದಲ ದಿನವೂ ಕೊನೆಯ ದಿನವೂ ರಜೆಯೊಳಗೇ ಸೇರುತ್ತವೆ. 21ರಿಂದ 17ನ್ನು ಕಳೆದು ನಾಲ್ಕು ದಿನ ಎಂದು ಬರೆಯುವುದು ಅತಿ ಸಾಮಾನ್ಯ ತಪ್ಪು. 17, 18, 19, 20, 21 ಎಂದು ಬೆರಳು ಮಡಿಸಿ ಎಣಿಸಿದರೆ ಐದು ದಿನಗಳಾಗುತ್ತವೆ. ಜೊತೆಗೆ ಕ್ಯಾಲೆಂಡರ್ ತೆರೆದು ನೋಡಿದರೆ 17 ಗುರುವಾರ, 20 ಭಾನುವಾರ, 21 ಸೋಮವಾರ ಎಂದು ತಿಳಿಯುತ್ತದೆ. ಭಾನುವಾರ ತರಗತಿ ಇರಲಿಲ್ಲವಾದರೆ ಹಾಜರಾತಿ ಪುಸ್ತಕದಲ್ಲಿ ಗೈರುಹಾಜರಿ ಬೀಳುವುದು ನಾಲ್ಕೇ ದಿನಗಳಿಗೆ. ಶನಿವಾರ ತರಗತಿ ಇತ್ತೇ ಇಲ್ಲವೇ ಎಂಬುದು ಆ ಕಾಲೇಜಿಗೆ ಸೇರಿದ ವಿಷಯ, ಬರೆಯುವವರಿಗೆ ತಿಳಿದಿರುವುದಿಲ್ಲ.

ಹೀಗಾಗಿ ನನ್ನ ಸಲಹೆಯೆಂದರೆ, ಎರಡು ವಿವರಗಳಷ್ಟೇ ಇರುವ ಅರ್ಜಿಯಲ್ಲಿ ‘ಐದು ದಿನಗಳ ರಜೆ’ ಎಂದಾಗಲಿ ‘ನಾಲ್ಕು ದಿನಗಳ ರಜೆ’ ಎಂದಾಗಲಿ ಸಂಖ್ಯೆಯನ್ನು ಬರೆಯಲೇಬಾರದು. ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗೆ ಎಂದು ಬರೆದರೆ ಸಾಕು. ಅದರಲ್ಲಿ ತರಗತಿ ನಡೆದ ದಿನಗಳು ಎಷ್ಟು ಎಂಬ ಲೆಕ್ಕ ಕಾಲೇಜಿನ ಬಳಿಯೇ ಇರುತ್ತದೆ. ಅರ್ಜಿ ನಮೂನೆಯಲ್ಲಿ ‘ಒಟ್ಟು ದಿನಗಳು’ ಎಂಬ ಅಂಕಣವೇ ಇದ್ದರೆ ಮಾತ್ರ, ಭಾನುವಾರವನ್ನು ಸೇರಿಸಿ ಎಣಿಸಬೇಕೇ ಎಂದು ಕೇಳಿ ತುಂಬಬೇಕು.

ಎರಡನೆಯ ಹೆಜ್ಜೆ: ರಜೆ ಮುಗಿದಿದೆಯೇ, ನಡೆಯುತ್ತಿದೆಯೇ ಎಂದು ತೀರ್ಮಾನಿಸುವುದು

ಅರ್ಜಿಯ ವ್ಯಾಕರಣವೆಲ್ಲ ನಿಂತಿರುವುದು ಈ ತೀರ್ಮಾನದ ಮೇಲೆ. ವಿದ್ಯಾರ್ಥಿಗೆ ಒಂದೇ ಒಂದು ಪ್ರಶ್ನೆ ಕೇಳಲು ಅವಕಾಶವಿದ್ದರೆ ನಾನು ಕೇಳುವುದು ಹೆಸರನ್ನಲ್ಲ, ರೋಗದ ವಿವರವನ್ನಲ್ಲ. ‘ಈ ಅರ್ಜಿಯನ್ನು ಕಾಲೇಜಿಗೆ ಕೊಡುವುದು ಯಾವ ದಿನ?’ ಎಂಬುದನ್ನು. ಹೆಸರನ್ನು ಅವರು ಖಾಲಿ ಜಾಗದಲ್ಲಿ ತಾವೇ ತುಂಬಿಕೊಳ್ಳಬಲ್ಲರು. ಕ್ರಿಯಾಪದದ ಕಾಲ ತಪ್ಪಿದರೆ ಇಡೀ ವಾಕ್ಯವನ್ನೇ ತಿದ್ದಬೇಕಾಗುತ್ತದೆ.

ರಜೆ ಮುಗಿದು ತರಗತಿಗೆ ಮರಳಿದ ಮೇಲೆ ಕೊಡುವ ಅರ್ಜಿಯಾದರೆ ‘ಜ್ವರ ಬಂದಿದ್ದ ಕಾರಣ ತರಗತಿಗಳಿಗೆ ಹಾಜರಾಗಲು ಸಾಧ್ಯವಾಗಲಿಲ್ಲ’ ಎಂದು ಭೂತಕಾಲದಲ್ಲಿ ಬರೆಯಬೇಕು. ಜ್ವರ ಇನ್ನೂ ಇರುವಾಗಲೇ ಸ್ನೇಹಿತರ ಕೈಯಲ್ಲಿ ಅಥವಾ ಮಿಂಚಂಚೆಯ ಮೂಲಕ ಕಳುಹಿಸುವುದಾದರೆ ‘ಜ್ವರ ಬಂದಿರುವ ಕಾರಣ ಹಾಜರಾಗಲು ಸಾಧ್ಯವಾಗುತ್ತಿಲ್ಲ’ ಎಂದಾಗಬೇಕು. ನಾನು ನೋಡಿದ ಅರ್ಜಿಗಳಲ್ಲಿ ಈ ಎರಡೂ ಒಂದೇ ವಾಕ್ಯದಲ್ಲಿ ಬೆರೆತು, ‘ಜ್ವರದಿಂದ ಬಳಲುತ್ತಿರುವುದರಿಂದ ಕಳೆದ ವಾರ ಬರಲಾಗಲಿಲ್ಲ’ ಎಂಬಂಥ ರೂಪಗಳು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಿದ್ದವು. ಈಗಲೂ ಬಳಲುತ್ತಿರುವವರು ಅರ್ಜಿ ಹಿಡಿದು ಎದುರಿಗೆ ನಿಂತಿರುವುದು ಹೇಗೆ ಎಂಬ ಪ್ರಶ್ನೆ ಓದುವವರಲ್ಲಿ ಸಹಜವಾಗಿಯೇ ಏಳುತ್ತದೆ.

ಮೂರನೆಯ ಸಂದರ್ಭವೊಂದಿದೆ, ಅದಕ್ಕೆ ಹೆಚ್ಚಿನ ಎಚ್ಚರ ಬೇಕು. ರಜೆಯ ಕೊನೆಯ ದಿನಾಂಕ ಇನ್ನೂ ಬಂದಿರುವುದಿಲ್ಲ. 18ರಂದು ಅರ್ಜಿ ಕೊಡುತ್ತ 21ರವರೆಗೆ ರಜೆ ಕೇಳಿದರೆ, ಜ್ವರ ಅಷ್ಟು ದಿನ ಇರುತ್ತದೆಂದು ಈಗಲೇ ಹೇಗೆ ತಿಳಿಯಿತು ಎಂದು ಕೇಳಲು ಅವಕಾಶವಿದೆ. ಇಲ್ಲಿಯೇ ಬರೆಯುವವರಿಗೆ ‘ವೈದ್ಯರು 21ರವರೆಗೆ ವಿಶ್ರಾಂತಿ ಪಡೆಯಲು ಸೂಚಿಸಿದ್ದಾರೆ’ ಎಂದು ಸೇರಿಸುವ ಆಸೆಯಾಗುವುದು. ವಿದ್ಯಾರ್ಥಿ ಹಾಗೆ ಹೇಳಿಲ್ಲದಿದ್ದರೆ ಅದನ್ನು ಬರೆಯಬಾರದು. ‘ಜ್ವರ ಬಂದಿರುವ ಕಾರಣ ದಿನಾಂಕ 17-07-2025ರಿಂದ 21-07-2025ರವರೆಗೆ ರಜೆ ಮಂಜೂರು ಮಾಡಬೇಕೆಂದು ಕೋರುತ್ತೇನೆ’ ಎಂದಷ್ಟೇ ಬರೆದರೆ ಅದು ಕೋರಿಕೆಯಾಗಿ ಉಳಿಯುತ್ತದೆ, 21ರವರೆಗೂ ಜ್ವರವಿರುತ್ತದೆ ಎಂಬ ಹೇಳಿಕೆಯಾಗುವುದಿಲ್ಲ. ಎರಡೂ ದಿನಾಂಕಗಳು ಮುಂದೆ ಬರಲಿರುವಂಥವಾದರೆ, ಇನ್ನೂ ಬಾರದ ಜ್ವರಕ್ಕೆ ಅರ್ಜಿ ಬರೆಯಲಾಗದು; ದಿನಾಂಕ ತಪ್ಪಿದೆಯೇ ಎಂದು ಕೇಳಿಯೇ ಮುಂದುವರಿಯಬೇಕು.

ನಮ್ಮ ಉದಾಹರಣೆಯಲ್ಲಿ ಸಂದೇಶ ಬಂದದ್ದು 22ರಂದು. ರಜೆ ಮುಗಿದಿದೆ, ಭೂತಕಾಲವೇ ಸರಿ.

ಮೂರನೆಯ ಹೆಜ್ಜೆ: ‘ಜ್ವರ’ ಎಂಬ ಪದವನ್ನು ಹಾಗೆಯೇ ಉಳಿಸುವುದು

ಕೆಡುವ ಅರ್ಜಿಗಳು ಹೆಚ್ಚಾಗಿ ಕೆಡುವುದು ಇಲ್ಲಿಯೇ, ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ. ‘17ರಿಂದ 21, ಜ್ವರ’ ಎಂಬ ಸಂದೇಶವನ್ನು ಅಭ್ಯಾಸಬಲದಿಂದ ವಿಸ್ತರಿಸಿದಾಗ ಬರುವ ಅರ್ಜಿ ಸಾಮಾನ್ಯವಾಗಿ ಹೀಗಿರುತ್ತದೆ:

‘ನಾನು ತೀವ್ರವಾದ ವೈರಲ್ ಜ್ವರದಿಂದ ಬಳಲುತ್ತಿದ್ದು, ವೈದ್ಯರನ್ನು ಸಂಪರ್ಕಿಸಿದಾಗ ಅವರು ಐದು ದಿನಗಳ ಸಂಪೂರ್ಣ ವಿಶ್ರಾಂತಿಯನ್ನು ಸೂಚಿಸಿದ ಮೇರೆಗೆ ಮನೆಯಲ್ಲಿಯೇ ಇದ್ದು ಚಿಕಿತ್ಸೆ ಪಡೆದಿರುತ್ತೇನೆ. ವೈದ್ಯಕೀಯ ಪ್ರಮಾಣ ಪತ್ರವನ್ನು ಈ ಅರ್ಜಿಯೊಂದಿಗೆ ಲಗತ್ತಿಸಿರುತ್ತೇನೆ. ತಪ್ಪಿದ ಪಾಠಗಳನ್ನು ಶೀಘ್ರದಲ್ಲಿಯೇ ಪೂರ್ಣಗೊಳಿಸುತ್ತೇನೆಂದು ಭರವಸೆ ನೀಡುತ್ತೇನೆ.’

ಓದಲು ಇದು ಸರಾಗವಾಗಿದೆ, ಭಾಷೆಯಲ್ಲಿ ದೊಡ್ಡ ತಪ್ಪೂ ಇಲ್ಲ. ಆದರೆ ಒಂದೊಂದು ಪದದ ಮೇಲೂ ಬೆರಳಿಟ್ಟು ‘ಇದನ್ನು ಹೇಳಿದವರು ಯಾರು?’ ಎಂದು ಕೇಳಿ ನೋಡಿ. ಜ್ವರ ತೀವ್ರವಾಗಿತ್ತು ಎಂದು ವಿದ್ಯಾರ್ಥಿ ಹೇಳಿಲ್ಲ. ವೈರಲ್ ಎಂಬುದು ರೋಗನಿರ್ಣಯ. ಅದನ್ನು ಹೇಳಬೇಕಾದವರು ವೈದ್ಯರು, ಅರ್ಜಿ ಬರೆಯುವವರಲ್ಲ. ವಿದ್ಯಾರ್ಥಿ ವೈದ್ಯರ ಬಳಿಗೆ ಹೋಗಿದ್ದರೋ ಇಲ್ಲವೋ ನಮಗೆ ತಿಳಿಯದು. ಐದು ದಿನಗಳ ವಿಶ್ರಾಂತಿ ಎಂಬ ಸಂಖ್ಯೆ ದಿನಾಂಕಗಳಿಂದ ಹುಟ್ಟಿಸಿಕೊಂಡದ್ದು. ವಿದ್ಯಾರ್ಥಿ ವಸತಿನಿಲಯದಲ್ಲಿದ್ದರೆ ‘ಮನೆಯಲ್ಲಿಯೇ ಇದ್ದು’ ಎಂಬುದು ನೇರವಾಗಿಯೇ ಸುಳ್ಳಾಗುತ್ತದೆ, ಏಕೆಂದರೆ ವಸತಿನಿಲಯದ ಹಾಜರಿ ಬೇರೆಯದೇ ಮಾತು ಹೇಳುತ್ತಿರುತ್ತದೆ. ಪ್ರಮಾಣ ಪತ್ರ ಇದೆಯೆಂದು ವಿದ್ಯಾರ್ಥಿ ಹೇಳಿಯೇ ಇಲ್ಲ. ಕೊನೆಯ ಭರವಸೆಯನ್ನೂ ವಿದ್ಯಾರ್ಥಿಯ ಪರವಾಗಿ ಬೇರೊಬ್ಬರು ಕೊಟ್ಟಿದ್ದಾರೆ. ಇಷ್ಟೆಲ್ಲದರ ಕೆಳಗೆ ಸಹಿ ಹಾಕುವವರು ಬರೆದವರಲ್ಲ, ಜ್ವರ ಬಂದಿದ್ದ ವಿದ್ಯಾರ್ಥಿ. ಯಾರಾದರೂ ಕೇಳಿದಾಗ ಉತ್ತರ ಕೊಡಬೇಕಾದವರೂ ಅವರೇ.

ಇದರಿಂದ ಆಗುವ ತೊಂದರೆ ಅರ್ಜಿ ಕೊಟ್ಟ ದಿನ ಕಾಣಿಸದೇ ಇರಬಹುದು. ಅವಧಿಯ ಕೊನೆಯಲ್ಲಿ ಹಾಜರಾತಿ ಕಡಿಮೆ ಬಿದ್ದು, ಆ ದಿನಗಳಿಗೆ ವಿನಾಯಿತಿ ಕೇಳಬೇಕಾಗಿ ಬಂದಾಗ ಹಳೆಯ ಅರ್ಜಿಯನ್ನೂ ಪ್ರಮಾಣ ಪತ್ರವನ್ನೂ ಅಕ್ಕಪಕ್ಕ ಇಟ್ಟು ನೋಡುತ್ತಾರೆ. ನಾನು ಕಂಡ ಒಂದು ಪ್ರಸಂಗದಲ್ಲಿ, ಸ್ನೇಹಿತರೊಬ್ಬರು ಹಿಂದಿನ ಯಾರದೋ ಅರ್ಜಿಯನ್ನು ನೋಡಿಕೊಂಡು ಬರೆದುಕೊಟ್ಟಿದ್ದರಿಂದ ಅರ್ಜಿಯಲ್ಲಿ ‘ಟೈಫಾಯ್ಡ್’ ಎಂದಿತ್ತು. ವೈದ್ಯರ ಚೀಟಿಯಲ್ಲಿ ಬರೇ ‘ಜ್ವರ’ ಎಂದಿತ್ತು. ವಿದ್ಯಾರ್ಥಿನಿಗೆ ಜ್ವರ ಬಂದದ್ದು ನಿಜ, ದಿನಾಂಕಗಳೂ ನಿಜ. ಆದರೂ ಆ ಒಂದು ಪದಕ್ಕಾಗಿ ಆಕೆ ಮೂರು ಸಲ ವಿಭಾಗಕ್ಕೆ ಬಂದು ವಿವರಣೆ ಕೊಡಬೇಕಾಯಿತು. ಅರ್ಜಿಯಲ್ಲಿಯೂ ‘ಜ್ವರ’ ಎಂದಷ್ಟೇ ಇದ್ದಿದ್ದರೆ ಮಾತೇ ಬೆಳೆಯುತ್ತಿರಲಿಲ್ಲ.

ಪದವನ್ನು ಹಿಗ್ಗಿಸುವಂತೆಯೇ ಮಸುಕಾಗಿಸುವುದೂ ತಪ್ಪು. ‘ಜ್ವರ’ ಎನ್ನುವುದು ತೀರಾ ಸಾದಾ ಎನಿಸಿ ‘ಅನಾರೋಗ್ಯದ ನಿಮಿತ್ತ’ ಎಂದು ಬದಲಿಸುವವರಿದ್ದಾರೆ. ಅದು ಹೆಚ್ಚು ಗಂಭೀರವಾಗಿ ಕೇಳಿಸಬಹುದು, ಆದರೆ ಕೊಟ್ಟ ವಿವರಕ್ಕಿಂತ ಕಡಿಮೆ ಹೇಳುತ್ತದೆ. ಏನಾಗಿತ್ತು ಎಂಬ ಪ್ರಶ್ನೆಯನ್ನು ತಾನೇ ಕರೆಯುತ್ತದೆ. ಎರಡೇ ಅಕ್ಷರಗಳಲ್ಲಿ ಮುಗಿಯುವ ‘ಜ್ವರ’ ಒಂದು ಪೂರ್ಣವಾದ ಕಾರಣ. ಅದಕ್ಕೆ ವಿಶೇಷಣದ ಅಗತ್ಯವಿಲ್ಲ.

ನಾಲ್ಕನೆಯ ಹೆಜ್ಜೆ: ಗೊತ್ತಿಲ್ಲದ್ದಕ್ಕೆ ಖಾಲಿ ಜಾಗ, ಎರಡೂ ಕಡೆ ಹೊಂದುವ ಪದ

ಹೆಸರು, ತರಗತಿ, ನೋಂದಣಿ ಸಂಖ್ಯೆ, ಕಾಲೇಜಿನ ಹೆಸರು, ಯಾರಿಗೆ ಎಂಬ ಪದನಾಮ, ಅರ್ಜಿ ಬರೆದ ದಿನಾಂಕ, ಸ್ಥಳ ಮತ್ತು ಸಹಿ, ಇವು ಖಾಲಿ ಇರಬೇಕಾದವು. ಚುಕ್ಕಿಗೆರೆ ಹಾಕಿ, ಅಲ್ಲಿ ಏನು ಬರಬೇಕೆಂಬುದನ್ನು ಆವರಣದಲ್ಲಿ ಸೂಚಿಸಿದರೆ ವಿದ್ಯಾರ್ಥಿ ಅರೆ ನಿಮಿಷದಲ್ಲಿ ತುಂಬಬಲ್ಲರು. ಮಾದರಿಗೆಂದು ಯಾವುದೋ ಹೆಸರನ್ನೂ ಸಂಖ್ಯೆಯನ್ನೂ ಬರೆದುಕೊಡುವುದು ಅಪಾಯ. ಅವಸರದಲ್ಲಿ ಅದೇ ಹೆಸರಿನಲ್ಲಿ ಅರ್ಜಿ ಕಾಲೇಜನ್ನು ತಲುಪಿಬಿಡಬಹುದು. ಚುಕ್ಕಿಗೆರೆ ತುಂಬದೆ ಉಳಿದರೆ ಕಣ್ಣಿಗೆ ಹೊಡೆಯುತ್ತದೆ, ತಪ್ಪು ಹೆಸರು ಹಾಗೆ ಕಣ್ಣಿಗೆ ಬೀಳುವುದಿಲ್ಲ.

ವಿದ್ಯಾರ್ಥಿ ಹುಡುಗನೋ ಹುಡುಗಿಯೋ ಎಂಬುದೂ ಸಂದೇಶದಲ್ಲಿಲ್ಲ. ಇಲ್ಲಿ ಕನ್ನಡ ನಮಗೆ ಒದಗಿಬರುತ್ತದೆ. ‘ನಾನು ಹಾಜರಾಗಲಿಲ್ಲ’, ‘ಕೋರುತ್ತೇನೆ’ ಎಂಬ ಉತ್ತಮ ಪುರುಷದ ಕ್ರಿಯಾಪದಗಳಲ್ಲಿ ಲಿಂಗಭೇದವಿಲ್ಲ, ಹೀಗಾಗಿ ಅರ್ಜಿಯ ಒಡಲಿನಲ್ಲಿ ತೊಂದರೆಯೇ ಇಲ್ಲ. ತೊಡಕಾಗುವುದು ಕೊನೆಯ ಸಾಲಿನಲ್ಲಿ ಮಾತ್ರ: ‘ತಮ್ಮ ವಿಧೇಯ ವಿದ್ಯಾರ್ಥಿ’ ಎಂದು ಬರೆದರೆ ಹುಡುಗಿ ಅದನ್ನು ‘ವಿದ್ಯಾರ್ಥಿನಿ’ ಎಂದು ತಿದ್ದಬೇಕಾಗುತ್ತದೆ. ‘ವಂದನೆಗಳೊಂದಿಗೆ’ ಎಂದು ಬರೆದು ಸಹಿಗೆ ಜಾಗ ಬಿಟ್ಟರೆ ಆ ತೊಡಕೂ ಕಳೆಯುತ್ತದೆ. ಅರ್ಜಿಯನ್ನು ಓದುವವರ ವಿಷಯದಲ್ಲಿಯೂ ಹೀಗೆಯೇ. ಅವರು ಸರ್ ಆಗಿರಬಹುದು, ಮೇಡಂ ಆಗಿರಬಹುದು. ‘ಮಾನ್ಯರೇ’ ಎಂಬ ಸಂಬೋಧನೆ ಇಬ್ಬರಿಗೂ ಸಲ್ಲುತ್ತದೆ, ಪ್ರಾಂಶುಪಾಲರಿಗೂ ತರಗತಿ ಅಧ್ಯಾಪಕರಿಗೂ ಒಪ್ಪುತ್ತದೆ.

ಐದನೆಯ ಹೆಜ್ಜೆ: ಅರ್ಜಿಯನ್ನು ಬರೆಯುವುದು

ಮೇಲಿನ ತೀರ್ಮಾನಗಳೆಲ್ಲ ಆದ ಮೇಲೆ ಬರವಣಿಗೆಗೆ ಹೆಚ್ಚು ಹೊತ್ತು ಬೇಕಿಲ್ಲ. ಉದಾಹರಣೆಯ ವಿದ್ಯಾರ್ಥಿಗೆ ಕೊಡಬೇಕಾದ ಅರ್ಜಿ ಇದು:

ಇವರಿಂದ,
.................... (ಹೆಸರು)
.................... (ತರಗತಿ ಮತ್ತು ವಿಭಾಗ)
.................... (ನೋಂದಣಿ ಸಂಖ್ಯೆ)

ಇವರಿಗೆ,
.................... (ಪದನಾಮ)
.................... (ಕಾಲೇಜಿನ ಹೆಸರು)

ಮಾನ್ಯರೇ,

ವಿಷಯ: ದಿನಾಂಕ 17-07-2025ರಿಂದ 21-07-2025ರವರೆಗೆ ರಜೆ ಮಂಜೂರು ಮಾಡುವಂತೆ ಕೋರಿ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ನನಗೆ ಜ್ವರ ಬಂದಿದ್ದ ಕಾರಣ ದಿನಾಂಕ 17-07-2025ರಿಂದ 21-07-2025ರವರೆಗೆ ತರಗತಿಗಳಿಗೆ ಹಾಜರಾಗಲು ಸಾಧ್ಯವಾಗಲಿಲ್ಲ. ಆದ್ದರಿಂದ ಸದರಿ ದಿನಗಳಿಗೆ ರಜೆಯನ್ನು ಮಂಜೂರು ಮಾಡಬೇಕೆಂದು ಕೋರುತ್ತೇನೆ.

ವಂದನೆಗಳೊಂದಿಗೆ,

.................... (ಸಹಿ)

ದಿನಾಂಕ: ..................
ಸ್ಥಳ: ..................

ಒಡಲಿನಲ್ಲಿರುವುದು ಎರಡೇ ವಾಕ್ಯ. ಮೊದಲನೆಯದು ನಡೆದದ್ದನ್ನು ಹೇಳುತ್ತದೆ, ಎರಡನೆಯದು ಬೇಕಾದದ್ದನ್ನು ಕೇಳುತ್ತದೆ. ದಿನಾಂಕಗಳು ವಿಷಯದ ಸಾಲಿನಲ್ಲಿಯೂ ಒಡಲಿನಲ್ಲಿಯೂ ಬಂದಿವೆ. ಕಡತದಲ್ಲಿ ಹುಡುಕುವವರು ವಿಷಯದ ಸಾಲನ್ನಷ್ಟೇ ಓದುತ್ತಾರೆ, ಆದ್ದರಿಂದ ಈ ಪುನರುಕ್ತಿ ಬೇಕು. ಎರಡೂ ಕಡೆ ಅಂಕಿಗಳು ಒಂದೇ ಆಗಿವೆಯೇ ಎಂದು ಕೊನೆಯಲ್ಲಿ ಮತ್ತೊಮ್ಮೆ ನೋಡಿಕೊಳ್ಳಿ. ಒಂದು ಕಡೆ ತಿದ್ದಿ ಇನ್ನೊಂದು ಕಡೆ ಮರೆಯುವುದು ಬಹಳ ಸುಲಭ.

ಕೆಲವರು ‘ರಜೆ ಮಂಜೂರು’ ಎಂಬುದರ ಬದಲು ‘ಗೈರುಹಾಜರಿಯನ್ನು ಮನ್ನಿಸಬೇಕು’ ಎಂದು ಬರೆಯುತ್ತಾರೆ. ಅನುಮತಿ ಪಡೆಯದೆ ಗೈರಾಗಿ ನಂತರ ಅರ್ಜಿ ಕೊಡುವಾಗ ಆ ಪ್ರಯೋಗವೂ ಸಲ್ಲುತ್ತದೆ. ಆದರೆ ಮನ್ನಿಸುವುದೆಂದರೆ ಹಾಜರಾತಿಯ ಕೊರತೆಯನ್ನು ತುಂಬಿಕೊಡುವುದೂ ಹೌದೇ ಎಂಬ ಗೊಂದಲ ಅದರಿಂದ ಹುಟ್ಟಬಹುದು. ರಜೆ ಮಂಜೂರಾದ ಮಾತ್ರಕ್ಕೆ ಆ ದಿನಗಳಿಗೆ ಹಾಜರಾತಿ ತಾನಾಗಿ ಸಿಗುತ್ತದೆ ಎಂದು ಭಾವಿಸಬಾರದು. ಅದಕ್ಕೆ ಕಾಲೇಜಿನ ನಿಯಮವೇ ಬೇರೆ ಇರುತ್ತದೆ. ವಿದ್ಯಾರ್ಥಿ ಕೇಳಿದ್ದು ರಜೆಯನ್ನು ಮಾತ್ರವಾದ್ದರಿಂದ ನಾನು ‘ರಜೆ ಮಂಜೂರು’ ಎಂಬುದನ್ನೇ ಉಳಿಸಿಕೊಂಡಿದ್ದೇನೆ.

ಅರ್ಜಿಯ ಜೊತೆ ವಿದ್ಯಾರ್ಥಿಗೆ ತಿಳಿಸಬೇಕಾದದ್ದು

ಅರ್ಜಿಯೊಳಗೆ ಬರೆಯಲಾಗದ ಕೆಲವು ಮಾತುಗಳನ್ನು ಅರ್ಜಿಯ ಹೊರಗೆ, ಬೇರೆ ಸಂದೇಶವಾಗಿ ವಿದ್ಯಾರ್ಥಿಗೆ ಹೇಳಬೇಕು. ಅರ್ಜಿಯ ತುದಿಯಲ್ಲಿ ಇವನ್ನು ಬರೆದುಬಿಟ್ಟರೆ ಅವೂ ನಕಲಾಗಿ ಕಾಲೇಜಿಗೆ ಹೋಗುತ್ತವೆ.

ಕೆಳಗಿನ ‘ದಿನಾಂಕ’ದ ಜಾಗದಲ್ಲಿ ಅರ್ಜಿ ಕೊಡುವ ದಿನವನ್ನೇ ಬರೆಯುವಂತೆ ತಿಳಿಸಿ. ರಜೆ ಶುರುವಾದ ದಿನದ ತಾರೀಖು ಹಾಕಿದರೆ ಒಳ್ಳೆಯದೆಂದು ಕೆಲವರು 17 ಎಂದು ಬರೆಯುತ್ತಾರೆ. 17ರಂದು ಬರೆದ ಅರ್ಜಿಯಲ್ಲಿ ‘21ರವರೆಗೆ ಹಾಜರಾಗಲು ಸಾಧ್ಯವಾಗಲಿಲ್ಲ’ ಎಂದು ಇರಲು ಹೇಗೆ ಸಾಧ್ಯ? ಹಿಂದಿನ ತಾರೀಖು ಹಾಕಿದ್ದು ಆ ವಾಕ್ಯದಿಂದಲೇ ಬಯಲಾಗುತ್ತದೆ. 22ರಂದು ಕೊಡುವ ಅರ್ಜಿಗೆ 22-07-2025 ಎಂದೇ ಇರಬೇಕು.

ಎರಡನೆಯದಾಗಿ, ವೈದ್ಯಕೀಯ ಪ್ರಮಾಣ ಪತ್ರ ಕೈಯಲ್ಲಿದ್ದರೆ ಸಹಿಯ ಕೆಳಗೆ ‘ಲಗತ್ತು: ವೈದ್ಯಕೀಯ ಪ್ರಮಾಣ ಪತ್ರ’ ಎಂದು ಒಂದು ಸಾಲು ಸೇರಿಸಬಹುದು. ಸೇರಿಸುವ ಮುನ್ನ ಅದರಲ್ಲಿರುವ ದಿನಗಳನ್ನು ನೋಡಬೇಕು. ಪ್ರಮಾಣ ಪತ್ರ 18ರಿಂದ 21ರವರೆಗೆ ಎಂದಿದ್ದರೆ ಅರ್ಜಿಯ 17ನ್ನು 18ಕ್ಕೆ ತಿದ್ದುವುದೂ ಸರಿಯಲ್ಲ, ಪ್ರಮಾಣ ಪತ್ರವನ್ನು ತಿದ್ದುವುದಂತೂ ಅಪರಾಧ. ಜ್ವರ 17ರಂದೇ ಬಂದು ವೈದ್ಯರನ್ನು ಕಂಡದ್ದು 18ರಂದಾದರೆ, ಹಾಗೆಂದು ಒಂದು ವಾಕ್ಯ ಸೇರಿಸಿದರೆ ವ್ಯತ್ಯಾಸಕ್ಕೆ ಕಾರಣ ಸಿಕ್ಕಂತಾಯಿತು. ಆ ವಾಕ್ಯ ವಿದ್ಯಾರ್ಥಿಯ ಬಾಯಿಂದ ಬಂದದ್ದಾಗಿರಬೇಕು ಎಂಬುದು ಇಲ್ಲಿಯೂ ಮುಖ್ಯ.

ಪ್ರಮಾಣ ಪತ್ರ ಇಲ್ಲದಿದ್ದರೆ ಅರ್ಜಿಯಲ್ಲಿ ಅದರ ಪ್ರಸ್ತಾಪವೇ ಬೇಡ. ‘ಪ್ರಮಾಣ ಪತ್ರವನ್ನು ನಂತರ ಸಲ್ಲಿಸುತ್ತೇನೆ’ ಎಂದು ಬರೆದರೆ ಅದು ಬರುವವರೆಗೆ ಅರ್ಜಿಯನ್ನು ಪಕ್ಕಕ್ಕೆ ಇಡುವ ಸಂಭವವಿದೆ. ಕಾಲೇಜು ಕೇಳಿದರೆ ಆಗ ಉತ್ತರಿಸಬಹುದು.

ಆ ದಿನಗಳಲ್ಲಿ ಆಂತರಿಕ ಪರೀಕ್ಷೆ ಅಥವಾ ಪ್ರಯೋಗಾಲಯದ ತರಗತಿ ತಪ್ಪಿಹೋಗಿದ್ದರೆ ಅದನ್ನು ಈ ಅರ್ಜಿಯೊಳಗೆ ತುರುಕಬಾರದು. ರಜೆಯನ್ನು ಮಂಜೂರು ಮಾಡುವವರು ಒಬ್ಬರು, ಮರುಪರೀಕ್ಷೆಗೆ ಅವಕಾಶ ಕೊಡುವವರು ಸಾಮಾನ್ಯವಾಗಿ ಆ ವಿಷಯದ ಅಧ್ಯಾಪಕರು. ಎರಡೂ ಕೋರಿಕೆ ಒಂದೇ ಹಾಳೆಯಲ್ಲಿದ್ದರೆ ಹಾಳೆ ಒಬ್ಬರ ಕಡತದಲ್ಲಿ ಉಳಿದು ಇನ್ನೊಬ್ಬರನ್ನು ತಲುಪದೇ ಹೋಗಬಹುದು. ಮರುಪರೀಕ್ಷೆಗೆ ಬೇರೆ ಅರ್ಜಿ ಬರೆದು, ಈ ರಜಾ ಅರ್ಜಿಯ ಪ್ರತಿಯನ್ನು ಅದರ ಜೊತೆಗಿಡುವುದು ಸರಿಯಾದ ದಾರಿ.

ತರಗತಿ ಅಧ್ಯಾಪಕರ ಸಹಿಯೋ ಪೋಷಕರ ಸಹಿಯೋ ಬೇಕೆಂದು ಕಾಲೇಜು ಹೇಳಿದರೆ ಎಡಬದಿಯ ಕೆಳಭಾಗದಲ್ಲಿ ಅದಕ್ಕೊಂದು ಸಾಲು ಹಾಕಿಕೊಳ್ಳಬಹುದು, ಕೇಳದಿದ್ದರೆ ಬೇಡ. ಖಾಲಿ ಜಾಗಗಳೆಲ್ಲ ತುಂಬಿ ಸಹಿ ಬಿದ್ದ ಮೇಲೆ, ಆವರಣದಲ್ಲಿ ಬರೆದಿದ್ದ ‘ಹೆಸರು’, ‘ಪದನಾಮ’ ಎಂಬ ಸೂಚನೆಗಳನ್ನು ಅಳಿಸಿದ್ದಾರೆಯೇ ಎಂದು ನೋಡಲು ಹೇಳಿ, ಕೊಡುವ ಮೊದಲು ಅರ್ಜಿಯ ಒಂದು ಫೋಟೊ ತೆಗೆದಿಟ್ಟುಕೊಳ್ಳುವಂತೆ ತಿಳಿಸಿ. ಹಾಜರಾತಿಯ ಲೆಕ್ಕ ಬಂದ ದಿನ 17ರಿಂದ 21ರವರೆಗಿನ ದಿನಗಳನ್ನು ಹೋಲಿಸಿ ನೋಡಲು ಆ ಫೋಟೊ ಬೇಕಾಗುತ್ತದೆ.